ಸಾವಿರದ ಇನ್ನೂರು ಚೀಲಕ್ಕೆ ಎಷ್ಟು ಖರ್ಚಾಗಬೇಕಿತ್ತು?

ನಾನು ಉಡುಪಿ ಜಿಲ್ಲೆಯ ಕಾರ್ಕಳದ ಕಡೆ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆ ಜೂನ್ ತಿಂಗಳ ವರದಿಯನ್ನು ಧಣಿಗಳ ಮೇಜಿನ ಮೇಲಿಟ್ಟಾಗ ಅವರು ಕೊನೆಯ ಸಾಲನ್ನಷ್ಟೇ ನೋಡಿ, “ಮಳೆಗಾಲದಲ್ಲಿಯೂ ಒಂದೂಮುಕ್ಕಾಲು ಲಕ್ಷದಷ್ಟು ಉಳಿಸಿದ್ದೀರಲ್ಲ, ಒಳ್ಳೆಯದಾಯಿತು” ಎಂದರು. ಬೀಜದ ಖರೀದಿ ಬೆಲೆಯನ್ನು ಬಿಟ್ಟು, ಸಂಸ್ಕರಣೆಯ ಖರ್ಚಿಗೆ ಮಾತ್ರ ನಾವು ಇಟ್ಟುಕೊಂಡಿದ್ದ ಬಜೆಟ್ ರೂ. 15,90,000, ಆದ ಖರ್ಚು ರೂ. 14,18,600. ವ್ಯತ್ಯಾಸ ರೂ. 1,71,400, ಒಟ್ಟಾರೆ ಅನುಕೂಲಕರ. ಆದರೆ ಆ ಬಜೆಟ್ ಮಾಡಿದ್ದು 80 ಕಿಲೋ ತೂಕದ 1,500 ಚೀಲಗಳಿಗೆ, ಕಾರ್ಖಾನೆಯಲ್ಲಿ ಒಡೆದದ್ದು 1,200 ಚೀಲ. ಮುನ್ನೂರು ಚೀಲ ಒಡೆಯದೆ ಉಳಿದ ಹಣವನ್ನು ಉಳಿತಾಯವೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಇಲ್ಲಿ ಕೊಡುವ ಅಂಕಿಗಳನ್ನು ಕಾರ್ಖಾನೆಯ ಗುಟ್ಟು ಬಿಟ್ಟುಕೊಡದಂತೆ ಬದಲಿಸಿ ದುಂಡು ಮಾಡಿದ್ದೇನೆ. ಅವುಗಳ ನಡುವಿನ ಸಂಬಂಧ ಮಾತ್ರ ಇದ್ದ ಹಾಗೆಯೇ ಇದೆ.

ಒಡೆದ ಪ್ರಮಾಣಕ್ಕೆ ತಕ್ಕಂತೆ ಬಜೆಟ್ಟನ್ನು ಮತ್ತೆ ಕಟ್ಟುವುದೇ ಫ್ಲೆಕ್ಸಿಬಲ್ ಬಜೆಟ್. ಅದಕ್ಕೆ ಮೊದಲು ಪ್ರತಿ ಖರ್ಚಿನಲ್ಲಿ ಎಷ್ಟು ಭಾಗ ಸ್ಥಿರ, ಎಷ್ಟು ಭಾಗ ಉತ್ಪಾದನೆಯೊಂದಿಗೆ ಏರಿಳಿಯುತ್ತದೆ ಎಂದು ಬಿಡಿಸಬೇಕು. ಸಂಬಳ, ಬಾಡಿಗೆ, ವಿಮೆ ಸೇರಿ ತಿಂಗಳಿಗೆ ರೂ. 4,50,000 ಸ್ಥಿರವೆಂಬುದರಲ್ಲಿ ಗೊಂದಲವಿರಲಿಲ್ಲ. ಬಾಯ್ಲರಿನ ಸೌದೆಗೆ ಚೀಲಕ್ಕೆ ರೂ. 40 ಎಂಬ ಅಂದಾಜೂ ಹಳೆಯ ದಾಖಲೆಗಳೊಂದಿಗೆ ತಾಳೆಯಾಯಿತು. ತಲೆ ತಿಂದದ್ದು ವಿದ್ಯುತ್ ಬಿಲ್ಲು.

ಮೆಸ್ಕಾಂ ಬಿಲ್ಲಿನಲ್ಲಿ ಡಿಮ್ಯಾಂಡ್ ಶುಲ್ಕ ಬೇರೆಯಾಗಿಯೇ ಇರುವುದರಿಂದ ಅದನ್ನು ಸ್ಥಿರವೆಂದು ತೆಗೆದರೆ ಸಾಕೆಂದು ಮೊದಲು ಅಂದುಕೊಂಡಿದ್ದೆ. ಆದರೆ ಅಂಗಳದ ದೀಪ, ಬೋರ್‌ವೆಲ್ ಪಂಪು, ಕಚೇರಿಯ ಬಳಕೆ ಇವೆಲ್ಲವೂ ಯೂನಿಟ್ಟಿನ ಲೆಕ್ಕದಲ್ಲಿಯೇ ಬರುತ್ತವೆ, ಚೀಲದ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಹನ್ನೆರಡು ತಿಂಗಳ ಬಿಲ್ಲುಗಳನ್ನು ಚೀಲಗಳ ಸಂಖ್ಯೆಯ ಎದುರು ಬರೆದುಕೊಂಡು, ಅತಿ ಹೆಚ್ಚು ಮತ್ತು ಅತಿ ಕಡಿಮೆ ತಿಂಗಳುಗಳನ್ನು ಹೋಲಿಸುವ ಸುಲಭದ ವಿಧಾನ ಹಿಡಿದೆ. 1,700 ಚೀಲಕ್ಕೆ ರೂ. 1,96,000, 300 ಚೀಲಕ್ಕೆ ರೂ. 98,000, ಅಂದರೆ ಚೀಲಕ್ಕೆ ರೂ. 70, ಸ್ಥಿರ ಭಾಗ ರೂ. 77,000. ಈ ಸೂತ್ರವನ್ನು ಉಳಿದ ತಿಂಗಳುಗಳಿಗೆ ಹಾಕಿ ನೋಡಿದರೆ, ಕಡಿಮೆ ಕೆಲಸದ ತಿಂಗಳುಗಳಲ್ಲೆಲ್ಲ ಬಿಲ್ಲು ಸೂತ್ರಕ್ಕಿಂತ ಕೆಳಗೇ ಬೀಳುತ್ತಿತ್ತು. 300 ಚೀಲದ ಆ ತಿಂಗಳು ವಾರ್ಷಿಕ ದುರಸ್ತಿಯದು. ಯಂತ್ರಗಳನ್ನು ಬೀಜವಿಲ್ಲದೆ ಓಡಿಸಿ ಪರೀಕ್ಷೆ ಮಾಡಿದ ವಿದ್ಯುತ್ತೂ ಅದರಲ್ಲಿ ಸೇರಿತ್ತು. ಅದನ್ನು ಕೈಬಿಟ್ಟು, 1,000 ಚೀಲಕ್ಕೆ ರೂ. 1,40,000 ಬಂದ ತಿಂಗಳನ್ನು ಕೆಳಗಿನ ತುದಿಯಾಗಿ ಹಿಡಿದಾಗ ಚೀಲಕ್ಕೆ ರೂ. 80, ಸ್ಥಿರ ರೂ. 60,000 ಬಂತು. ಇದು ಉಳಿದ ತಿಂಗಳುಗಳಿಗೂ ಹೆಚ್ಚುಕಡಿಮೆ ಒಪ್ಪಿತು. ಎಕ್ಸೆಲ್‌ನಲ್ಲಿ ಚೀಲಗಳ ಸಂಖ್ಯೆ B4 ಮನೆಯಲ್ಲಿದ್ದರೆ ಸೂತ್ರ ಇಷ್ಟೇ:

```
=60000+80*B4
```

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಸಿಪ್ಪೆ ಸುಲಿಯುವ, ವಿಂಗಡಿಸುವ ಕೂಲಿಯನ್ನು ನಾವು ಕೊಡುವುದು ತಿರುಳಿನ ಕಿಲೋ ಲೆಕ್ಕದಲ್ಲಿ, ಕಿಲೋಗೆ ರೂ. 24; ಪ್ಯಾಕಿಂಗ್‌ಗೆ ಕಿಲೋಗೆ ರೂ. 6. ಚೀಲಕ್ಕೆ 20 ಕಿಲೋ ತಿರುಳು ಎಂಬ ಅಂದಾಜಿನಿಂದ ನಾನು ಎಲ್ಲವನ್ನೂ ಚೀಲಕ್ಕೇ ಪರಿವರ್ತಿಸಿಬಿಟ್ಟಿದ್ದೆ. ಜೂನ್‌ನಲ್ಲಿ 1,200 ಚೀಲದಿಂದ ಬಂದ ತಿರುಳು 24,000 ಕಿಲೋ ಅಲ್ಲ, 23,400 ಕಿಲೋ. ಚೀಲದ ಲೆಕ್ಕದಲ್ಲಿ ಕೂಲಿ ರೂ. 5,76,000 ಆಗಬೇಕಿತ್ತು, ತಿರುಳಿನ ಲೆಕ್ಕದಲ್ಲಿ ರೂ. 5,61,600. ಅಂದರೆ ತಿರುಳು ಕಡಿಮೆ ಬಂದ ನಷ್ಟವೇ ಕೂಲಿಯ ಸಾಲಿನಲ್ಲಿ ರೂ. 14,400ರ ಹೆಚ್ಚುವರಿ ಅನುಮತಿಯಾಗಿ ಕುಳಿತು, ಅಲ್ಲಿನ ಅಧಿಕ ಖರ್ಚನ್ನು ಮರೆಮಾಡುತ್ತಿತ್ತು. ಆದ್ದರಿಂದ ಸೌದೆ ಮತ್ತು ವಿದ್ಯುತ್ತನ್ನು ಚೀಲಕ್ಕೆ, ಕೂಲಿ ಮತ್ತು ಪ್ಯಾಕಿಂಗನ್ನು ತಿರುಳಿಗೆ ಕಟ್ಟಿ, 600 ಕಿಲೋ ಕೊರತೆಯನ್ನು ಇಳುವರಿಯ ಪ್ರತ್ಯೇಕ ಸಾಲಾಗಿ ಮೇಲೆ ತೋರಿಸಿದೆ. ಆ ಸಾಲಿನ ಬೆಲೆ ಸಂಸ್ಕರಣೆಯ ಯಾವ ವ್ಯತ್ಯಾಸಕ್ಕಿಂತಲೂ ದೊಡ್ಡದು. ಅದನ್ನು ಕೂಲಿಯೊಳಗೆ ಕರಗಲು ಬಿಡಬಾರದು.

ಹೀಗೆ ಕಟ್ಟಿದಾಗ ಜೂನ್ ತಿಂಗಳ ಕೆಲಸಕ್ಕೆ ಆಗಬೇಕಿದ್ದ ಖರ್ಚು ರೂ. 13,56,000. ಆದ ಖರ್ಚು ಅದಕ್ಕಿಂತ ರೂ. 62,600 ಹೆಚ್ಚು. ಮೊದಲಿನ 1,71,400ರ “ಉಳಿತಾಯ”ದಲ್ಲಿ ರೂ. 2,34,000 ಬರಿಯ ಚೀಲ ಮತ್ತು ತಿರುಳಿನ ಪ್ರಮಾಣ ಕುಸಿದದ್ದರಿಂದ ಬಂದದ್ದು. ಅದರಿಂದ 62,600 ಕಳೆದು ಉಳಿದದ್ದನ್ನೇ ನಾವು ಲಾಭವೆಂದು ಓದಿದ್ದೆವು. ಕೂಲಿಯ ಸಾಲು 1,500 ಚೀಲಕ್ಕೆ ಮಾಡಿದ್ದ ಮೊದಲಿನ ಸ್ಟ್ಯಾಟಿಕ್ ಬಜೆಟ್ಟಿನ ಎದುರು ರೂ. 1,22,400 ಅನುಕೂಲಕರವಾಗಿತ್ತು, ಈಗ ರೂ. 36,000 ಪ್ರತಿಕೂಲ. ವಿದ್ಯುತ್ ರೂ. 9,000 ಅನುಕೂಲಕರದಿಂದ ರೂ. 15,000 ಪ್ರತಿಕೂಲಕ್ಕೆ ಬಂತು. ಸೌದೆ ರೂ. 6,000 ಹೆಚ್ಚು, ಸ್ಥಿರ ವೆಚ್ಚ ರೂ. 8,000 ಹೆಚ್ಚು, ಪ್ಯಾಕಿಂಗ್‌ನಲ್ಲಿ ಮಾತ್ರ ರೂ. 2,400 ಉಳಿದಿತ್ತು.

ಕೂಲಿ, ವಿದ್ಯುತ್, ಸೌದೆ ಈ ಮೂರೂ ಒಂದೇ ದಿಕ್ಕಿಗೆ ವಾಲಿದ್ದನ್ನು ನೋಡಿ, ಒಂದೇ ಕಾರಣವಿರಬಹುದೆಂದು ಸುಲಿಯುವ ಶೆಡ್ಡಿಗೆ ಹೋದೆ. ಅಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿರುವ ಅಕ್ಕ ಒಬ್ಬರು ಯಂತ್ರದಿಂದ ಬಂದ ತಿರುಳಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, “ನೋಡಿ ಸರ್, ಒಳಸಿಪ್ಪೆ ಬಿಡುವುದೇ ಇಲ್ಲ, ಎಲ್ಲ ಚೂರಿಯಿಂದಲೇ ಕೆರೆಯಬೇಕು” ಎಂದರು. ಒಂದು ತಿರುಳನ್ನು ಬೆರಳಲ್ಲಿ ಉಜ್ಜಿದೆ. ಕೆಂಪು ಸಿಪ್ಪೆ ಗರಿಗರಿಯಾಗಿ ಉದುರುವ ಬದಲು ತೇವಕ್ಕೆ ಅಂಟಿಕೊಂಡೇ ಇತ್ತು. ಬೋರ್ಮಾ ಎಂಬ ಬಿಸಿಗಾಳಿಯ ಒಣಗೂಡಿನಲ್ಲಿ ತಿರುಳನ್ನು ಚೆನ್ನಾಗಿ ಒಣಗಿಸಿದರೆ ಮಾತ್ರ ಒಳಸಿಪ್ಪೆ ಸಡಿಲವಾಗುತ್ತದೆ. ಒಣಗಿಸುವ ಬೇಸಗೆಯ ಅವಧಿಯನ್ನೇ ಜೂನ್‌ನಲ್ಲಿಯೂ ಮುಂದುವರಿಸಿದ್ದರಿಂದ 3,000 ಕಿಲೋ ತಿರುಳು ಮತ್ತೆ ಬೋರ್ಮಾಕ್ಕೆ ಹೋಗಿ, ಬ್ಲೋವರ್ ಮತ್ತು ಬಾಯ್ಲರನ್ನು ಎರಡನೆಯ ಬಾರಿ ಓಡಿಸಿತ್ತು. ಆಮೇಲೂ ಕೈಯಲ್ಲಿ ಸುಲಿಯಬೇಕಾಗಿ ಕಿಲೋಗೆ ರೂ. 12 ಹೆಚ್ಚುವರಿ ಕೊಟ್ಟಿದ್ದೆವು. ಆ 36,000ದ ಲೆಕ್ಕ ಕೂಲಿ ಪುಸ್ತಕದಲ್ಲಿ ಪೈಸೆಗೆ ಪೈಸೆ ಸಿಕ್ಕಿತು. ಚೂರಿಯಿಂದ ಕೆರೆಯುವಾಗ ತುಂಡಾಗುವ ತಿರುಳಿಗೆ ಬೆಲೆ ಇಳಿಯುತ್ತದೆ. ಅದು ಮಾರಾಟದ ಲೆಕ್ಕಕ್ಕೆ ಸೇರುವುದರಿಂದ ಈ ವರದಿಯಲ್ಲಿ ಕಾಣುವುದಿಲ್ಲ.

ಧಣಿಗಳಿಗೆ ಮೂರು ಕಾಲಮ್ಮುಗಳ ಹೊಸ ಹಾಳೆ ಕೊಟ್ಟೆ: ಸ್ಟ್ಯಾಟಿಕ್ ಬಜೆಟ್, 1,200 ಚೀಲಕ್ಕೆ ಕಟ್ಟಿದ ಬಜೆಟ್, ಆದ ಖರ್ಚು. ಮೊದಲನೆಯದನ್ನು ನಾನು ತೆಗೆದುಹಾಕಲಿಲ್ಲ. ಮುನ್ನೂರು ಚೀಲ ಯಾಕೆ ಒಡೆಯಲಾಗಲಿಲ್ಲ ಎಂಬ ಪ್ರಶ್ನೆ ಏಳುವುದು ಮೊದಲೆರಡು ಕಾಲಮ್ಮುಗಳ ನಡುವೆ, ಅದಕ್ಕೆ ಉತ್ತರಿಸಬೇಕಾದವರು ಖರೀದಿಯವರು. ಮೇಸ್ತ್ರಿಯನ್ನು ಕೇಳಬೇಕಾದದ್ದು ಕೊನೆಯ ಎರಡರ ನಡುವಿನದನ್ನು ಮಾತ್ರ. ಹಳೆಯ ವರದಿಯಲ್ಲಿ ಎರಡೂ ಕಲಸಿಹೋಗಿ, ಯಾರನ್ನೂ ಏನನ್ನೂ ಕೇಳಬೇಕಾದ ಅಗತ್ಯವೇ ಕಾಣುತ್ತಿರಲಿಲ್ಲ.

ಈ ಹಾಳೆಯ ಕೆಳಗೆ ಒಂದು ಷರಾ ಬರೆದಿದ್ದೇನೆ: ಸೂತ್ರಗಳು 900ರಿಂದ 1,700 ಚೀಲಗಳವರೆಗೆ ಮಾತ್ರ. ಅದಕ್ಕಿಂತ ಕೆಳಗಿಳಿದರೆ, ಕೆಲಸಕ್ಕೆ ಬಂದವರಿಗೆ ತಿರುಳು ಸಾಲದಿದ್ದರೂ ನಮ್ಮಲ್ಲಿ ಒಪ್ಪಿಕೊಂಡಿರುವ ಕನಿಷ್ಠ ದಿನಗೂಲಿ ಕೊಡಬೇಕಾಗುತ್ತದೆ, ಕಿಲೋ ಲೆಕ್ಕದ ಕೂಲಿ ಅಲ್ಲಿಗೆ ಸ್ಥಿರ ಖರ್ಚಾಗುತ್ತದೆ. ಆಗಸ್ಟ್‌ನಲ್ಲಿ ಆಮದು ಬೀಜ ತಡವಾಗಿ 820 ಚೀಲಕ್ಕೆ ಕೆಲಸ ನಿಂತಾಗ, ಕೂಲಿಯ ಸಾಲಿಗೆ ನಾನು ಕಿಲೋ ಸೂತ್ರ ಹಾಕಲಿಲ್ಲ. ಹಾಜರಿ ಪುಸ್ತಕ ತರಿಸಿಕೊಂಡು, ದಿನಗಳನ್ನು ಎಣಿಸಿ ಬರೆದೆ.