ಕುರಿಯ ಶ್ವಾಸಕೋಶದ ಒಳಮೈ ಅಳೆದ ಬಗೆ: ನನ್ನ ಅನುಭವ

ಒಂದು ಮಿಲಿಲೀಟರ್ ಕುರಿ ಶ್ವಾಸಕೋಶದೊಳಗೆ ಗಾಳಿಗೆ ತೆರೆದುಕೊಂಡ ಮೈ ಸುಮಾರು 400 ಚದರ ಸೆಂಟಿಮೀಟರ್. ಅಂದರೆ ಎ4 ಹಾಳೆಯ ಮೂರನೇ ಎರಡು ಭಾಗ. ಈ ಅಂಕಿಯನ್ನು ನಾನು ಪುಸ್ತಕದಿಂದ ತೆಗೆದಿಲ್ಲ. ಮಾಮೂಲಿ ಪ್ಯಾರಾಫಿನ್ ಸ್ಲೈಡ್, 10x ಲೆನ್ಸ್ ಮತ್ತು ಗೆರೆ ಎಳೆದ ಪ್ಲಾಸ್ಟಿಕ್ ಹಾಳೆ ಇಟ್ಟುಕೊಂಡು ನಮ್ಮ ಲ್ಯಾಬ್‌ನಲ್ಲೇ ಎಣಿಸಿದ್ದು. ಶುರು ಮಾಡಿದಾಗ ಹಿರಿಯರೊಬ್ಬರು, "ಸ್ಲೈಡಿನಲ್ಲಿ ಬರೀ ಜಾಲರಿ ಕಾಣುತ್ತೆ, ಅದರಿಂದ ಚದರ ಮೀಟರ್ ಹೇಗ್ರೀ ತೆಗೀತೀರಿ?" ಅಂದಿದ್ದರು. ಈಗ ಅವರೇ ತಮ್ಮ ಬ್ಯಾಚಿನ ಹುಡುಗರಿಗೆ ನನ್ನ ಸ್ಲೈಡ್ ತೋರಿಸುತ್ತಾರೆ.

ತೊಂದರೆ ಎಣಿಕೆಯಲ್ಲಿ ಇರಲಿಲ್ಲ, ಸ್ಲೈಡಿನಲ್ಲೇ ಇತ್ತು. ಎಲ್ಲ ಕಡೆ ಮಾಡುವ ಹಾಗೆ ಶ್ವಾಸಕೋಶದ ತುಂಡನ್ನು ಕತ್ತರಿಸಿ ಫಾರ್ಮಲಿನ್‌ಗೆ ಹಾಕಿದರೆ ಅದು ಕುಗ್ಗಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ಆಲ್ವಿಯೋಲಸ್ ಅಂದರೆ ಗಾಳಿ ತುಂಬುವ ಸಣ್ಣ ಗೂಡು, ಅದರ ಗೋಡೆಗಳು ಒಂದರ ಮೇಲೊಂದು ಮಡಚಿ ದಪ್ಪಗೆ ಕಾಣುತ್ತವೆ. ಅದನ್ನು ನೋಡಿದ ಹುಡುಗರು ಗೋಡೆ ಅಂದರೆ ಇಷ್ಟು ದಪ್ಪ ಅಂತ ತಿಳಿದುಕೊಳ್ಳುತ್ತಾರೆ. ಆಮ್ಲಜನಕ ಅರ್ಧ ಮೈಕ್ರಾನ್ ದಾಟಿದರೆ ಸಾಕು ಅಂತ ಆಮೇಲೆ ಎಷ್ಟು ಹೇಳಿದರೂ ನಂಬಲ್ಲ. ಆದ್ದರಿಂದ ಶ್ವಾಸಕೋಶವನ್ನು ಉಬ್ಬಿಸಿ, ಉಬ್ಬಿದ ಹಾಗೇ ಫಿಕ್ಸ್ ಮಾಡಬೇಕು.

ನಾನು ಎಡ ಶ್ವಾಸಕೋಶ ಮಾತ್ರ ತೆಗೆದುಕೊಳ್ಳುತ್ತೇನೆ. ಅದಕ್ಕೆ ಕಾರಣ ಇದೆ. ಕುರಿಯಲ್ಲಿ ಬಲಗಡೆಯ ಮುಂದಿನ ಹಾಲೆಗೆ ಶ್ವಾಸನಾಳದಿಂದಲೇ ನೇರವಾಗಿ ಒಂದು ಕೊಳವೆ ಹೋಗುತ್ತದೆ, ಅದೂ ಕವಲಿಗಿಂತ ಮೇಲೆ. ಶ್ವಾಸನಾಳದ ಬಲಗಡೆಯ ಕವಲಾದ ಬ್ರಾಂಕಸ್‌ಗೆ ನಳಿಕೆ ಕಟ್ಟಿದರೆ ಆ ಹಾಲೆ ಹಾಗೇ ಕುಗ್ಗಿ ಉಳಿಯುತ್ತದೆ. ಎಡಗಡೆ ಈ ತಲೆನೋವಿಲ್ಲ.

ಮಟನ್ ಅಂಗಡಿಯಿಂದ ಸರಿಯಾದ ಮಾಲು ತರುವುದೇ ದೊಡ್ಡ ಕೆಲಸ. ಒಂದು ಜೊತೆಗೆ ಸುಮಾರು ಇನ್ನೂರು ರೂಪಾಯಿ ಕೊಟ್ಟಿದ್ದೇನೆ. ಹಣಕ್ಕಿಂತ ಚಾಕು ತಾಗದೆ ಸಿಗುವುದು ಕಷ್ಟ. ಪಕ್ಕೆಲುಬು ಬಿಡಿಸುವಾಗ ಸಣ್ಣ ಗೀರು ಬಿದ್ದರೂ ದ್ರವ ಸೋರಿ ಒತ್ತಡ ನಿಲ್ಲುವುದಿಲ್ಲ. ಮೊದಲು ತಂದವುಗಳಲ್ಲಿ ಮುಕ್ಕಾಲು ಪಾಲು ಹೀಗೇ ಹಾಳಾದವು. ಆಮೇಲೆ ಅಂಗಡಿಯವರಿಗೆ ಮೊದಲೇ ಹೇಳಿ, ನೂರು ರೂಪಾಯಿ ಜಾಸ್ತಿ ಕೊಟ್ಟು, ಶ್ವಾಸನಾಳ ಮತ್ತು ಹೃದಯ ಸಮೇತ ಇಡಿಯಾಗಿ ತೆಗೆಸಲು ಶುರು ಮಾಡಿದೆ. ಕೈಯಿಂದ ಒತ್ತಿ ನೋಡಿದಾಗ ಒಳಗೆ ಗಟ್ಟಿ ಗುಳ್ಳೆ ಸಿಕ್ಕರೆ ಅದು ಲಾಡಿಹುಳುವಿನ ಮರಿ ಇರುವ ಹೈಡಾಟಿಡ್ ಸಿಸ್ಟ್ ಇರಬಹುದು. ಕುರಿಗಳಲ್ಲಿ ಅದು ಅಪರೂಪವಲ್ಲ. ಅಂಥದ್ದನ್ನು ಕತ್ತರಿಸಲೇಬೇಡಿ, ನಾಯಿಗೂ ಹಾಕಬೇಡಿ. ಕೈಗವಸು ಇಲ್ಲದೆ ಯಾವುದನ್ನೂ ಮುಟ್ಟಬೇಡಿ. ಸೋರುತ್ತದೆಯೇ ಅಂತ ನೋಡಲು ಮೆಲ್ಲಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಏಳುತ್ತದೆ ಅಂತ ತಿಳಿಯುತ್ತದೆ. ಸಣ್ಣ ಸೋರಿಕೆ ಮುಚ್ಚಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಲ್ಯಾಬ್‌ಗೆ ಬಂದವರಿಗೆ ತೋರಿಸುತ್ತೇನೆ.

ಮುಂದಿನದು ಸುಲಭ. ಬ್ರಾಂಕಸ್‌ಗೆ ನಳಿಕೆ ಕಟ್ಟಿ, ಡ್ರಿಪ್ ಸೆಟ್‌ನ ಪೈಪಿನಿಂದ 10% ಬಫರ್ಡ್ ಫಾರ್ಮಲಿನ್ ಬಿಡುತ್ತೇನೆ. ಬಾಟಲಿಯಲ್ಲಿನ ದ್ರವದ ಮಟ್ಟ ಶ್ವಾಸಕೋಶದ ಮೇಲ್ತುದಿಗಿಂತ 25 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಶ್ವಾಸಕೋಶ ತುಂಬುತ್ತಾ ಹೋದಂತೆ ಬಾಟಲಿಯ ಮಟ್ಟ ಇಳಿದು ಒತ್ತಡವೂ ಇಳಿಯುತ್ತದೆ. ಅದಕ್ಕೆ ನಾನು ಬಾಟಲಿ ಬಿಟ್ಟು ಅಗಲವಾದ ಟ್ರೇ ಬಳಸುತ್ತೇನೆ, ಆಗಾಗ ತುಂಬಿಸುತ್ತೇನೆ. ಇಡೀ ರಾತ್ರಿ ಅದೇ ಒತ್ತಡದಲ್ಲಿ ಬಿಟ್ಟು, ಬೆಳಗ್ಗೆ ಬ್ರಾಂಕಸ್ ಕಟ್ಟಿ ಫಾರ್ಮಲಿನ್‌ನಲ್ಲಿ ಮುಳುಗಿಸುತ್ತೇನೆ. ಕಿಟಕಿ ತೆರೆದಿರಲಿ, ಫಾರ್ಮಲಿನ್ ಹಬೆ ಕಣ್ಣು ಮೂಗು ಬಿಡಲ್ಲ.

ಇಲ್ಲೊಂದು ಪಕ್ಕದ ಪ್ರಯೋಗ ಹೇಳಲೇಬೇಕು. ಫಾರ್ಮಲಿನ್ ಬಿಡುವ ಮೊದಲು ಒಂದು ಶ್ವಾಸಕೋಶವನ್ನು ಗಾಳಿಯಿಂದಲೂ, ಆಮೇಲೆ ಸಲೈನ್‌ನಿಂದಲೂ ಉಬ್ಬಿಸಿ ನೋಡಿದೆ. ಅಷ್ಟೇ ಗಾತ್ರಕ್ಕೆ ಬರಲು ಸಲೈನ್‌ಗೆ ಬೇಕಾದ ಒತ್ತಡ ಗಾಳಿಯ ಅರ್ಧಕ್ಕಿಂತಲೂ ಕಡಿಮೆ ಇತ್ತು. 1929ರಲ್ಲಿ ಫಾನ್ ನೀರ್‌ಗಾರ್ಡ್ ತೋರಿಸಿದ್ದು ಇದನ್ನೇ. ಆಲ್ವಿಯೋಲಸ್‌ನ ಒಳಮೈಯಲ್ಲಿ ತೆಳು ನೀರಿನ ಪೊರೆ ಇದೆ. ಗಾಳಿ ಇದ್ದಾಗ ಆ ಪೊರೆಯ ಮೇಲ್ಮೈ ಎಳೆತ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ದ್ರವ ತುಂಬಿದಾಗ ಮೇಲ್ಮೈಯೇ ಇಲ್ಲ, ಎಳೆತವೂ ಇಲ್ಲ. ಬದುಕಿರುವಾಗ ಈ ಎಳೆತವನ್ನು ತಗ್ಗಿಸಲು ಟೈಪ್ 2 ಕೋಶಗಳು ಸರ್ಫ್ಯಾಕ್ಟಂಟ್ ಸುರಿಸುತ್ತವೆ. ಇಷ್ಟು ದೊಡ್ಡ ಮೈಯನ್ನು ಇಷ್ಟು ಸಣ್ಣ ಗೂಡುಗಳಲ್ಲಿ ಬಿಡಿಸಿ ಇಡಬೇಕಾದರೆ ಅದು ಬೇಕೇ ಬೇಕು.

ಈಗ ಸ್ಲೈಡ್. 40x ಅಡಿಯಲ್ಲಿ ಎರಡು ಆಲ್ವಿಯೋಲೈ ನಡುವಿನ ಒಂದು ಗೋಡೆ ಹಿಡಿದು ನೋಡಿ. ಒಳಗೆ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ಕೂತಿವೆ. ಕುರಿಯ ರಕ್ತಕಣ ಸುಮಾರು 4.5 ಮೈಕ್ರಾನ್, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಗೋಡೆಯ ಬಹುಪಾಲು ಆ ಕಣಗಳು ಹರಿಯುವ ಸಣ್ಣ ರಕ್ತನಾಳ, ಅಂದರೆ ಕ್ಯಾಪಿಲರಿಯೇ. ಕಣ ಎರಡೂ ಕಡೆ ಗಾಳಿಯತ್ತ ಉಬ್ಬಿಕೊಂಡಿದೆ. ಕಣಕ್ಕೂ ಗಾಳಿಗೂ ನಡುವೆ ಗುಲಾಬಿ ಬಣ್ಣದ ಒಂದು ಗೆರೆ ಮಾತ್ರ. ಆ ಗೆರೆಯಲ್ಲಿ ಮೂರು ಪದರ ಇವೆ: ಗಾಳಿಯ ಕಡೆ ಟೈಪ್ 1 ಕೋಶದ ಹರಡಿದ ಅಂಚು, ನಡುವೆ ಬೇಸ್‌ಮೆಂಟ್ ಮೆಂಬ್ರೇನ್, ಆಚೆ ಕ್ಯಾಪಿಲರಿಯ ಒಳಪದರವಾದ ಎಂಡೋಥೀಲಿಯಂ. ತೆಳುವಾದ ಜಾಗದಲ್ಲಿ ಎರಡು ಕೋಶಗಳ ಬೇಸ್‌ಮೆಂಟ್ ಮೆಂಬ್ರೇನ್ ಒಂದಾಗಿ ಬೆಸೆದಿರುತ್ತವೆ. ಅಲ್ಲಿ ಒಟ್ಟು ದಪ್ಪ 0.2ರಿಂದ 0.3 ಮೈಕ್ರಾನ್. ನಮ್ಮ ಮೈಕ್ರೋಸ್ಕೋಪ್ ಬೇರ್ಪಡಿಸಿ ತೋರಿಸುವ ಮಿತಿಯೂ ಹೆಚ್ಚು ಕಡಿಮೆ ಅಷ್ಟೇ. ಆದ್ದರಿಂದ ತಡೆಗೋಡೆಯ ದಪ್ಪವನ್ನು ಈ ವಿಧಾನದಿಂದ ಅಳೆಯಲು ಹೋಗಬೇಡಿ, ಅದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಲಸ.

ಇನ್ನೊಂದು ಗಮನಿಸಿ. ಕ್ಯಾಪಿಲರಿಯ ಎರಡು ಬದಿ ಒಂದೇ ತರ ಇಲ್ಲ. ಒಂದು ಬದಿ ತೆಳು, ಇನ್ನೊಂದು ಬದಿಯಲ್ಲಿ ಕಾಲಜನ್ ನಾರು ಹಾದುಹೋಗುತ್ತದೆ. ತೆಳು ಬದಿ ಅನಿಲ ದಾಟಲಿಕ್ಕೆ, ದಪ್ಪ ಬದಿ ಗೋಡೆ ಹಿಡಿದು ನಿಲ್ಲಿಸಲಿಕ್ಕೆ. ಶ್ವಾಸಕೋಶದಲ್ಲಿ ನೀರು ಸೇರಲು ಶುರುವಾದಾಗ ಮೊದಲು ಈ ದಪ್ಪ ಬದಿಯಲ್ಲೇ ಸೇರುತ್ತದೆ. ತೆಳು ಬದಿ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ನನಗೆ ಇಡೀ ರಚನೆಯಲ್ಲಿ ಅತಿ ಹೆಚ್ಚು ಇಷ್ಟವಾಗುವ ಜಾಗ ಇದೇ.

ಎಣಿಕೆಗೆ ಬರೋಣ. ಫಿಕ್ಸ್ ಆದ ಶ್ವಾಸಕೋಶದ ಗಾತ್ರ ತೆಗೆಯಲು, ತೂಕದ ಯಂತ್ರದ ಮೇಲೆ ನೀರಿನ ಪಾತ್ರೆ ಇಟ್ಟು, ಶ್ವಾಸಕೋಶವನ್ನು ತಳ ತಾಗದಂತೆ ದಾರದಿಂದ ಮುಳುಗಿಸಿ ಹಿಡಿಯಿರಿ. ಹೆಚ್ಚಾದ ಗ್ರಾಂ ಎಷ್ಟೋ ಅಷ್ಟು ಮಿಲಿಲೀಟರ್. ನನ್ನದು ಸುಮಾರು 700 ಬಂತು. ಅದರಲ್ಲಿ ದೊಡ್ಡ ಕೊಳವೆ, ರಕ್ತನಾಳ ಕಳೆದರೆ ಆಲ್ವಿಯೋಲೈ ಇರುವ ಭಾಗ ಸುಮಾರು 600. ಆಮೇಲೆ ಇಡೀ ಶ್ವಾಸಕೋಶವನ್ನು ಸಮ ಅಂತರದಲ್ಲಿ ಹೋಳು ಮಾಡಿ, ಹೋಳುಗಳಿಂದ ಸಮ ಅಂತರದಲ್ಲೇ ತುಂಡು ತೆಗೆದೆ. ಚೆನ್ನಾಗಿ ಕಾಣುವ ಜಾಗ ಆರಿಸಿದರೆ ಲೆಕ್ಕ ಕೆಟ್ಟಿತು ಅಂತಲೇ ಅರ್ಥ.

ಪ್ರತಿ ಫೋಟೋ ಮೇಲೆ ಸ್ಲೈಡ್ ಅಳತೆಯಲ್ಲಿ ಒಟ್ಟು 4 ಮಿಲಿಮೀಟರ್ ಉದ್ದದ ಗೆರೆ ಬೀಳುವ ಹಾಗೆ ಹಾಳೆ ಇಟ್ಟೆ. ಅಂಥ ಸುಮಾರು 40 ಫೋಟೋ, ಅಂದರೆ 160 ಮಿಲಿಮೀಟರ್. ಗೆರೆ ಗೋಡೆಯ ಮೈಯನ್ನು ಎಷ್ಟು ಸಲ ದಾಟುತ್ತದೆ ಅಂತ ಎಣಿಸಬೇಕು. ಒಂದು ಗೋಡೆಗೆ ಎರಡು ಮೈ, ಆದ್ದರಿಂದ ಎರಡು ಸಲ. ಒಟ್ಟು ಹೆಚ್ಚುಕಡಿಮೆ 4000 ಬಂತು. S ಅಂದರೆ ಮೈ, V ಗಾತ್ರ, I ಗೆರೆ ದಾಟಿದ ಎಣಿಕೆ, L ಗೆರೆಯ ಒಟ್ಟು ಉದ್ದ. ಸೂತ್ರ ಇಷ್ಟೇ:

S/V = 2 × I / L = 2 × 4000 / 160 mm = 50 /mm

ಅಂದರೆ ಸ್ಲೈಡಿನಲ್ಲಿ ಒಂದು ಘನ ಸೆಂಟಿಮೀಟರಿಗೆ 500 ಚದರ ಸೆಂಟಿಮೀಟರ್. ಆದರೆ ಪ್ಯಾರಾಫಿನ್‌ನಲ್ಲಿ ಅಂಗಾಂಶ ಕುಗ್ಗುತ್ತದೆ. ಇದನ್ನು ಬಿಟ್ಟರೆ ಉತ್ತರ ಜಾಸ್ತಿ ಬರುತ್ತದೆ. 10 ಮಿಲಿಮೀಟರ್ ಅಂಚಿನ ತುಂಡು ಸ್ಲೈಡಿಗೆ ಬಂದಾಗ 8 ಮಿಲಿಮೀಟರ್ ಆಗಿತ್ತು. ಅದಕ್ಕೆ 0.8ರಿಂದ ಗುಣಿಸಿದೆ, 400 ಬಂತು. 600 ಘನ ಸೆಂಟಿಮೀಟರಿಗೆ 2,40,000 ಚದರ ಸೆಂಟಿಮೀಟರ್, ಅಂದರೆ 24 ಚದರ ಮೀಟರ್. ಬರೀ ಎಡಗಡೆಯ ಲೆಕ್ಕ ಇದು. ಅದೇ 700 ಮಿಲಿಲೀಟರ್ ಒಂದೇ ಗೋಳವಾಗಿದ್ದರೆ ಅದರ ಮೈ 400 ಚದರ ಸೆಂಟಿಮೀಟರನ್ನೂ ಮುಟ್ಟುತ್ತಿರಲಿಲ್ಲ. ಎರಡನೇ ಸಲ ಬೇರೆಯವರಿಂದ ಎಣಿಸಿದಾಗ ವ್ಯತ್ಯಾಸ ಶೇ 10ರೊಳಗೇ ಇತ್ತು. ಅನುಮಾನ ಪಟ್ಟವರ ಬಾಯಿ ಮುಚ್ಚಿದ್ದು ಅಲ್ಲೇ.

ಮನುಷ್ಯನ ಅಂಕಿಗಳಲ್ಲಿ ಗೊಂದಲ ಇದೆಯಲ್ವಾ? ಹಳೆಯ ಪುಸ್ತಕದಲ್ಲಿ 70–80 ಚದರ ಮೀಟರ್, ಹೊಸದರಲ್ಲಿ 130–140. ಎರಡೂ ಅಳತೆಗಳೇ. ವೈಬೆಲ್ ಮತ್ತು ಗೋಮೆಜ್ 1962ರಲ್ಲಿ ಬೆಳಕಿನ ಮೈಕ್ರೋಸ್ಕೋಪ್‌ನಲ್ಲಿ ಎಣಿಸಿದಾಗ ಆಲ್ವಿಯೋಲೈ ಸುಮಾರು 30 ಕೋಟಿ ಅಂದರು. 2004ರ ಎಣಿಕೆಯಲ್ಲಿ ಸರಾಸರಿ 48 ಕೋಟಿ ಬಂತು. ಮೈ ಹೆಚ್ಚು ಬಂದದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ, ಗೋಡೆಯ ಸಣ್ಣ ಏರಿಳಿತವೂ ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಆದ್ದರಿಂದ ನನ್ನ 24 ಕೂಡ 10x ಲೆನ್ಸಿನ 24.

ಕೊನೆಗೆ, ಹಳೇ ಪೆಟ್ಟಿಗೆಯಲ್ಲಿದ್ದ, ಎಂಫಿಸೀಮಾ ಎಂಬ ಶ್ವಾಸಕೋಶದ ರೋಗ ಇದ್ದವರ ಸ್ಲೈಡ್ ಒಂದರ ಮೇಲೂ ಅದೇ ಹಾಳೆ ಇಟ್ಟು ನೋಡಿದೆ. ಅದರ ಜೊತೆ ಇದ್ದ ಆರೋಗ್ಯವಂತ ಮನುಷ್ಯನ ಸ್ಲೈಡಿಗೆ ಹೋಲಿಸಿದರೆ ಗೆರೆ ಗೋಡೆ ದಾಟುವುದು ಅರ್ಧಕ್ಕೆ ಇಳಿದಿತ್ತು. ಗೂಡುಗಳ ನಡುವಿನ ಗೋಡೆ ಹರಿದು ದೊಡ್ಡ ದೊಡ್ಡ ಖಾಲಿ ಜಾಗ ಆಗಿತ್ತು. ಗಾಳಿ ಹಿಡಿಯುವ ಗಾತ್ರ ಕಡಿಮೆಯಾಗಿಲ್ಲ, ಮೈ ಕಡಿಮೆಯಾಗಿದೆ. ಅನಿಲ ದಾಟುವ ವೇಗ ಮೈಗೆ ನೇರ, ದಪ್ಪಕ್ಕೆ ವಿಲೋಮ. ಮೈ ಅರ್ಧವಾದರೆ, ದಪ್ಪ ಇಮ್ಮಡಿಯಾದಷ್ಟೇ ನಷ್ಟ. ಆದರೂ ಸುಮ್ನೆ ಕೂತಿರುವಾಗ ರೋಗಿಗೆ ಇದು ಗೊತ್ತಾಗದೇ ಇರಬಹುದು. ರಕ್ತಕಣ ಕ್ಯಾಪಿಲರಿಯಲ್ಲಿ ಮುಕ್ಕಾಲು ಸೆಕೆಂಡ್ ಇರುತ್ತದೆ, ಆರೋಗ್ಯವಾಗಿದ್ದರೆ ಮೊದಲ ಕಾಲು ಸೆಕೆಂಡಿನಲ್ಲೇ ಆಮ್ಲಜನಕ ತುಂಬಿಕೊಳ್ಳುತ್ತದೆ. ಉಳಿದ ಹೊತ್ತು ಮೀಸಲು. ಮೆಟ್ಟಿಲು ಹತ್ತುವಾಗ ರಕ್ತ ವೇಗವಾಗಿ ಹರಿದು ಆ ಮೀಸಲು ಕರಗುತ್ತದೆ, ಏದುಸಿರು ಆಗ ಬರುತ್ತದೆ. ಆ ಹಳೇ ಸ್ಲೈಡುಗಳನ್ನು ಎಷ್ಟು ಒತ್ತಡದಲ್ಲಿ ಫಿಕ್ಸ್ ಮಾಡಿದ್ದರೋ ಪೆಟ್ಟಿಗೆ ಮೇಲೆ ಬರೆದಿಲ್ಲ. ಹಾಗಾಗಿ ಅವುಗಳಿಂದ ಚದರ ಮೀಟರ್ ತೆಗೆಯಲು ಹೋಗಿಲ್ಲ, ಪಕ್ಕಪಕ್ಕ ಇಟ್ಟು ತೋರಿಸಲು ಮಾತ್ರ ಬಳಸುತ್ತೇನೆ.