ಅಫಿಡವಿಟ್ ಅನುವಾದದಲ್ಲಿ ‘ದೊಡ್ಡಪ್ಪ’

ಯುಕೆ ವೀಸಾಗೆ ಕನ್ನಡದ ಅಫಿಡವಿಟ್ ಅನುವಾದಿಸುವವರು ನೆಂಟಸ್ತಿಕೆಯ ಪದಗಳಲ್ಲಿ ಎಚ್ಚರವಾಗಿರಿ. ‘ಇವನ ಓದಿನ ಖರ್ಚು ದೊಡ್ಡಪ್ಪನಾದ ನನ್ನದು’ ಎಂಬುದನ್ನು ‘ಅಂಕಲ್’ ಎಂದರೆ ಸಂಬಂಧವೇ ಮಸುಕಾಗುತ್ತದೆ. ದೊಡ್ಡಪ್ಪ ತಂದೆಯ ಅಣ್ಣನಾಗಿರಬಹುದು, ತಾಯಿಯ ಅಕ್ಕನ ಗಂಡನೂ ಆಗಿರಬಹುದು. ಮೂಲದಲ್ಲಿ ಸ್ಪಷ್ಟವಿಲ್ಲದಿದ್ದರೆ ಊಹಿಸಬೇಡಿ. ‘ದೊಡ್ಡಪ್ಪ’ ಎಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಎರಡೂ ಅರ್ಥಗಳನ್ನು ಚೌಕ ಆವರಣದಲ್ಲಿ ಅನುವಾದಕರ ಟಿಪ್ಪಣಿಯಾಗಿ ಕೊಡಿ. ನೋಟರಿ ಸಹಿ ಇನ್ನೂ ಆಗಿಲ್ಲವಾದರೆ ಮೂಲದಲ್ಲೇ ‘ತಂದೆಯ ಅಣ್ಣ’ ಎಂದೋ ‘ತಾಯಿಯ ಅಕ್ಕನ ಗಂಡ’ ಎಂದೋ ಸ್ಪಷ್ಟವಾಗಿ ಬರೆಸುವುದು ನನಗಂತೂ ಅತ್ಯುತ್ತಮ ದಾರಿ. ಸಹಿಯಾದ ಮೇಲೆ ಅನುವಾದದಲ್ಲಿ ತಿದ್ದುವಂತಿಲ್ಲ. ಮುದ್ರೆಯಲ್ಲಿರುವ ಬರಹವನ್ನೂ ಅನುವಾದಿಸಿ. ಕೊನೆಯಲ್ಲಿ ಇದು ಮೂಲದ ನಿಖರ ಅನುವಾದವೆಂಬ ದೃಢೀಕರಣ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಇರಲೇಬೇಕು.