ರಾತ್ರಿ ಕಳ್ಳ ನುಗ್ಗಿದರೆ ಎಷ್ಟು ಹೊಡೆಯಬಹುದು? ಎಲ್ಲಿ ಕೈ ತಡೆಯಬೇಕು?

ರಾತ್ರಿ 2 ಗಂಟೆ. ಹಿಂಬಾಗಿಲ ಚಿಲಕ ಮುರಿದ ಸದ್ದು. ಎದ್ದು ನೋಡಿದರೆ ಅಡುಗೆಮನೆಯಲ್ಲಿ ಮಚ್ಚು ಹಿಡಿದವನೊಬ್ಬ. ನಿಮ್ಮ ಕೈಗೆ ಸಿಕ್ಕಿದ್ದು ಒನಕೆ. ಹೊಡೆಯಬಹುದಾ?

ಹೊಡೆಯಬಹುದು. ಅವನು ಮೊದಲು ಮಚ್ಚು ಬೀಸಲಿ ಎಂದು ಕಾಯಬೇಕಿಲ್ಲ. ಜೀವಕ್ಕೆ ಅಪಾಯವಿದೆ ಅನ್ನುವ ಭಯಕ್ಕೆ ಸರಿಯಾದ ಕಾರಣ ಇದ್ದರೆ ಸಾಕು, ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು ಅಲ್ಲಿಂದಲೇ ಶುರು. ಹೆಂಡತಿಯನ್ನೋ ಪಕ್ಕದ ಮನೆಯವರನ್ನೋ ಕಾಪಾಡಲೂ ಇದೇ ಹಕ್ಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದು ನುಗ್ಗಿದವನ ಮೇಲೆ ಈ ಹಕ್ಕು ಪ್ರಾಣ ಹೋಗುವವರೆಗೂ ಹೋಗಬಹುದು ಎನ್ನುತ್ತದೆ 41ನೇ ಕಲಂ. ಆದರೆ 37ನೇ ಕಲಂ ಜೊತೆಗೇ ಇದೆ: ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಬರಿಗೈಯಲ್ಲಿ ಬಂದು, ಸಿಕ್ಕಿಬಿದ್ದು ಕೈ ಮೇಲೆತ್ತಿದ ಹುಡುಗನ ತಲೆಗೆ ಹೊಡೆದರೆ ರಾತ್ರಿಯಾಗಿತ್ತು ಅನ್ನುವುದಷ್ಟೇ ನಿಮ್ಮನ್ನು ಉಳಿಸುವುದಿಲ್ಲ.

ಹಾಗಂತ ಪ್ರತಿ ಏಟನ್ನೂ ಅಳೆದು ಹೊಡೆಯಿರಿ ಎಂದು ಯಾರೂ ಹೇಳುವುದಿಲ್ಲ. ಆ ಗಾಬರಿಯಲ್ಲಿ ಅದು ಸಾಧ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಒಪ್ಪಿಕೊಂಡಿದೆ.

ಈಗ ಒಂದು ಏಟು ಹಾಕಿದಿರಿ ಅನ್ನಿ. ಅವನ ಮಣಿಕಟ್ಟಿಗೆ ಬಿತ್ತು, ಮಚ್ಚು ನೆಲಕ್ಕೆ ಬಿತ್ತು. ಎಲ್ಲಾ ನಿಂತಿರುವುದು ಮುಂದಿನ ಕ್ಷಣದ ಮೇಲೆ. ಅವನು ಮಚ್ಚಿಗೆ ಬಗ್ಗಿದರೆ ಅಪಾಯ ಇನ್ನೂ ಮುಗಿದಿಲ್ಲ, ಮತ್ತೆ ಹೊಡೆಯಬಹುದು. ಬರಿಗೈಯಲ್ಲಿ ಕಾಂಪೌಂಡ್ ಹಾರಿ ಓಡಿದರೆ ಹೊಡೆಯುವ ಹಕ್ಕು ಅಲ್ಲಿಗೆ ಮುಗಿಯಿತು. ಸರ ಕಿತ್ತುಕೊಂಡು ಓಡುತ್ತಿದ್ದರೆ ಬೆನ್ನಟ್ಟಿ ಹಿಡಿಯಬಹುದು, ಸರ ಬಿಡಿಸಿಕೊಳ್ಳಲು ಬೇಕಾದಷ್ಟು ಬಲ ಹಾಕಬಹುದು. ತಿರುಗಿ ಬೀಳದೆ ಓಡುವವನ ಪ್ರಾಣ ತೆಗೆಯುವಂತಿಲ್ಲ.

ಜನ ಎಡವುವುದು ಇದಾದ ಮೇಲೆಯೇ. ಕಳ್ಳ ಸಿಕ್ಕ, ಬೀದಿಯವರು ಸೇರಿದರು, ಕಂಬಕ್ಕೆ ಕಟ್ಟಿ ಬಡಿದರು. ಕಟ್ಟಿಹಾಕಿದವನಿಂದ ಯಾರಿಗೆ ಅಪಾಯ? ಅದು ರಕ್ಷಣೆ ಅಲ್ಲ, ಹಲ್ಲೆ. ಅವನು ಸತ್ತರೆ ಕೊಲೆ ಕೇಸು. ನಿಜವಾಗಿ ರಕ್ಷಣೆ ಮಾಡಿಕೊಳ್ಳುವಾಗಲೇ, ದ್ವೇಷವಿಲ್ಲದೆ ಮಿತಿ ಮೀರಿದವರಿಗೆ ಕಾನೂನು ಸ್ವಲ್ಪ ರಿಯಾಯಿತಿ ಕೊಡುತ್ತದೆ. ಆಗ ಅದು ಕೊಲೆ ಅನ್ನಿಸಿಕೊಳ್ಳುವುದಿಲ್ಲ, ಆದರೂ ಅಪರಾಧವೇ.

ಅಪಾಯ ತಪ್ಪಿದ ಕೂಡಲೇ 112ಕ್ಕೆ ಫೋನ್ ಮಾಡಿ. ಮಚ್ಚು, ಒನಕೆ, ಮುರಿದ ಚಿಲಕ ಇದ್ದಲ್ಲೇ ಇರಲಿ, ನೆಲ ತೊಳೆಯಬೇಡಿ. ನಿಮಗೆ ತರಚಿದ ಗಾಯವಾಗಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಬರೆಸಿ. ಆತ್ಮರಕ್ಷಣೆಗೆ ಹೊಡೆದೆ ಎಂದು ತೋರಿಸುವ ಹೊಣೆ ನಿಮ್ಮದು. ಅನುಮಾನಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹಾಗೇ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ಕೋರ್ಟಿಗೆ ಕಂಡರೆ ಸಾಕು. ಅವನ ಗಾಯವನ್ನೂ ಡಾಕ್ಟರ್ ಬರೆಯುತ್ತಾರೆ. ಏಟು ಮಣಿಕಟ್ಟಿನ ಮೇಲಿದೆಯೋ, ತಲೆಯ ಹಿಂಭಾಗದಲ್ಲಿದೆಯೋ ಎಂದು ಕೋರ್ಟು ನೋಡಿಯೇ ನೋಡುತ್ತದೆ.